ಸ್ಕ್ಯಾನಿನಲ್ಲಿ ಕಂಡದ್ದು, ಕೈಗೆ ಸಿಕ್ಕಿದ್ದು: ವೇರಿಕೋಸೀಲ್ ಮತ್ತು ಪುರುಷರ ಸಂತಾನಶಕ್ತಿ

ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳು ಒಂದೇ ನಾಳವಾಗಿ ಹೊರಡುವುದಿಲ್ಲ. ವೃಷಣಚೀಲದೊಳಗೆ ಅವು ಬಳ್ಳಿಗಳಂತೆ ಹೆಣೆದುಕೊಂಡು ಅಪಧಮನಿಯನ್ನು ಸುತ್ತುವರಿದಿರುತ್ತವೆ. ಈ ಜಾಲದ ನಾಳಗಳು ಹಿಗ್ಗಿ, ಅವುಗಳಲ್ಲಿ ರಕ್ತ ಹಿಂದಕ್ಕೆ ಇಳಿದು ನಿಲ್ಲುವ ಸ್ಥಿತಿಯನ್ನು ವೇರಿಕೋಸೀಲ್ ಎನ್ನುತ್ತೇವೆ. ವಯಸ್ಕ ಪುರುಷರಲ್ಲಿ ಸುಮಾರು 15 ಪ್ರತಿಶತ ಮಂದಿಗೆ ಇದು ಇರುತ್ತದೆ ಮತ್ತು ಅವರಲ್ಲಿ ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ತಂದೆಯಾಗುತ್ತಾರೆ. ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬರುವ ಪುರುಷರಲ್ಲಾದರೋ ಈ ಪ್ರಮಾಣ 35ರಿಂದ 40 ಪ್ರತಿಶತಕ್ಕೆ ಏರುತ್ತದೆ. ಆದ್ದರಿಂದ ವೇರಿಕೋಸೀಲ್ ಇದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆಯಲ್ಲ. ಈ ವ್ಯಕ್ತಿಯಲ್ಲಿ ತೊಂದರೆಗೆ ಅದೇ ಕಾರಣವಿರಬಹುದೇ, ಹಿಗ್ಗಿದ ಆ ನಾಳಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಿದರೆ ಪ್ರಯೋಜನವಿದೆಯೇ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ.

ಇದು ಬಹುಪಾಲು ಎಡಗಡೆಯೇ ಕಾಣಿಸಿಕೊಳ್ಳುವುದಕ್ಕೆ ಅಂಗರಚನೆಯಲ್ಲೇ ಕಾರಣವಿದೆ. ಬಲ ವೃಷಣದ ಅಭಿಧಮನಿಯು ಓರೆಯಾಗಿ ಹೊಟ್ಟೆಯ ಮಹಾ ಅಭಿಧಮನಿಯನ್ನು ಸೇರಿದರೆ, ಎಡಗಡೆಯದು ಇನ್ನಷ್ಟು ಮೇಲೇರಿ ಎಡ ಮೂತ್ರಪಿಂಡದ ಅಭಿಧಮನಿಯನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತದೆ. ಉದ್ದವಾದ ಈ ಕಂಬದಲ್ಲಿ ಕವಾಟಗಳು ಇಲ್ಲದಿದ್ದರೆ ಅಥವಾ ಸೋತರೆ, ನಿಂತಾಗ ರಕ್ತದ ಭಾರವೆಲ್ಲ ಕೆಳಗಿನ ಜಾಲದ ಮೇಲೆ ಬೀಳುತ್ತದೆ. ವೀರ್ಯಾಣುಗಳು ಸರಿಯಾಗಿ ಬೆಳೆಯಲು ವೃಷಣದ ಉಷ್ಣತೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಇರಬೇಕು. ಕೆಳಕ್ಕಿಳಿಯುವ ಅಪಧಮನಿಯ ರಕ್ತವನ್ನು ತಣಿಸುವ ಕೆಲಸ ಈ ಅಭಿಧಮನಿ ಜಾಲದ್ದೇ ಆಗಿರುವುದರಿಂದ, ಅಲ್ಲಿ ಬೆಚ್ಚಗಿನ ರಕ್ತ ನಿಂತರೆ ತಣಿಸುವ ವ್ಯವಸ್ಥೆಯೇ ಕೆಡುತ್ತದೆ. ಇದರ ಜೊತೆಗೆ ಆಕ್ಸಿಡೇಟಿವ್ ಒತ್ತಡ, ಅಂದರೆ ಜೀವಕೋಶಗಳನ್ನು ಕೆಡಿಸುವ ಆಮ್ಲಜನಕದ ಚುರುಕು ಕಣಗಳ ಹಾವಳಿ, ಹೆಚ್ಚಿ ವೀರ್ಯಾಣುಗಳ ಡಿಎನ್‌ಎಗೂ ಹಾನಿಯಾಗುತ್ತದೆಂದು ಗೊತ್ತಾಗಿದೆ. ಒಂದೇ ಬದಿಯ ವೇರಿಕೋಸೀಲ್ ಎರಡೂ ವೃಷಣಗಳ ಕೆಲಸವನ್ನು ಕುಗ್ಗಿಸಬಲ್ಲದು.

ಪತ್ತೆ ಹಚ್ಚುವ ಕ್ರಮವನ್ನು ನಮ್ಮ ಕಡೆಯ ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ 31 ವರ್ಷದ ರೀಲರ್, ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಿಲ್ಲವೆಂದು ಚಿಕ್ಕಬಳ್ಳಾಪುರದ ವೈದ್ಯರ ಬಳಿ ಬರುತ್ತಾನೆ. ಅಷ್ಟರಲ್ಲಿ 27 ವರ್ಷದ ಹೆಂಡತಿಗೆ ಎಲ್ಲ ಪರೀಕ್ಷೆಗಳೂ ಮುಗಿದು ಏನೂ ದೋಷ ಕಂಡಿಲ್ಲ. ಗಂಡನ ವೀರ್ಯ ಪರೀಕ್ಷೆ ಮಾತ್ರ ಒಂದೂ ಆಗಿಲ್ಲ. (ನಮ್ಮ ಮನೆಗಳಲ್ಲಿ ಪರೀಕ್ಷೆಗಳು ನಡೆಯುವ ಕ್ರಮವೇ ಹೀಗೆ, ಎಲ್ಲಕ್ಕಿಂತ ಸುಲಭವಾದ, ಅಗ್ಗದ ಪರೀಕ್ಷೆಯೇ ಕೊನೆಗೆ ಬರುತ್ತದೆ.) ಅವನ ಕೈಯಲ್ಲಿ ಯಾರೋ ಮಾಡಿಸಿದ, ವೇರಿಕೋಸೀಲ್ ಎಂದು ಬರೆದಿರುವ ಸ್ಕ್ಯಾನ್ ವರದಿಯಿದೆ. “ಸ್ಕ್ಯಾನಿನಲ್ಲೇ ಬಂದಿದೆಯಲ್ಲ ಡಾಕ್ಟ್ರೇ, ಆಪರೇಷನ್ ಮಾಡಿಬಿಡಿ” ಎಂದು ಜೊತೆಗೆ ಬಂದ ಅವನ ತಾಯಿ ಕೇಳುತ್ತಾರೆ.

ವೈದ್ಯರು ವರದಿಯನ್ನು ಬದಿಗಿಟ್ಟು ಅವನನ್ನು ಬೆಚ್ಚಗಿನ ಕೋಣೆಯಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಾರೆ, ಏಕೆಂದರೆ ಚಳಿಯಲ್ಲಿ ವೃಷಣಚೀಲ ಮುದುಡಿಕೊಂಡು ಏನೂ ಕೈಗೆ ಸಿಗುವುದಿಲ್ಲ. ಎಡ ವೃಷಣದ ಮೇಲ್ಭಾಗದಲ್ಲಿ, ಒತ್ತು ಶಾವಿಗೆಯನ್ನು ತೆಳುಬಟ್ಟೆಯ ಮೇಲಿಂದ ಮುಟ್ಟಿದಂತೆ ಮೆತ್ತನೆಯ ಎಳೆಗಳು ಬೆರಳಿಗೆ ಸಿಗುತ್ತವೆ. ಮಲಗಿಸಿದರೆ ಅವು ಬರಿದಾಗುತ್ತವೆ. ಉಸಿರು ಬಿಗಿಹಿಡಿದು ಮುಕ್ಕಿದಾಗ ಮಾತ್ರ ಕೈಗೆ ಸಿಕ್ಕರೆ ಮೊದಲ ದರ್ಜೆ, ಸುಮ್ಮನೆ ನಿಂತಾಗಲೇ ಸಿಕ್ಕರೆ ಎರಡನೆಯದು, ಮುಟ್ಟುವ ಮೊದಲೇ ಕಣ್ಣಿಗೆ ಕಂಡರೆ ಮೂರನೆಯದು. ಇವನದು ಎರಡನೆಯ ದರ್ಜೆ. ಎಡ ವೃಷಣದ ಗಾತ್ರ 14 ಮಿಲಿಲೀಟರ್, ಬಲದ್ದು 19. ಎಡಗಡೆ ಕುಗ್ಗಿರುವುದು ಗಮನಿಸಬೇಕಾದ ಸೂಚನೆ. ಮಲಗಿದರೂ ಇಳಿಯದ, ಇದ್ದಕ್ಕಿದ್ದಂತೆ ಶುರುವಾದ ಅಥವಾ ಬಲಗಡೆ ಮಾತ್ರ ಇರುವ ದೊಡ್ಡ ವೇರಿಕೋಸೀಲ್ ಕಂಡಿದ್ದರೆ, ಮೂತ್ರಪಿಂಡದ ಗೆಡ್ಡೆಯಂಥದ್ದು ಮೇಲೆಲ್ಲೋ ರಕ್ತನಾಳವನ್ನು ಒತ್ತುತ್ತಿದೆಯೇ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕಾಗುತ್ತಿತ್ತು.

ನಂತರ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಯಮವಿದ್ದು ಮಾದರಿ ಕೊಡಬೇಕು, ಮತ್ತು ಒಂದೇ ಮಾದರಿಯನ್ನು ನಂಬಬಾರದು. ಇವನ ಮೊದಲ ಮಾದರಿ 2.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 90 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ಮುಂದಕ್ಕೆ ಈಜುವವು 20 ಪ್ರತಿಶತ. ಮೂರನ್ನೂ ಗುಣಿಸಿದರೆ ಮುಂದಕ್ಕೆ ಈಜಬಲ್ಲ ವೀರ್ಯಾಣುಗಳು ಒಟ್ಟು ಸುಮಾರು 43 ಲಕ್ಷ. ನಾಲ್ಕು ವಾರಗಳ ನಂತರದ ಮಾದರಿಯಲ್ಲಿ ಇದು ಸುಮಾರು 63 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುವ ಕೆಳಮಿತಿ ಮಿಲಿಲೀಟರಿಗೆ 160 ಲಕ್ಷ, ಮುಂದಕ್ಕೆ ಈಜುವವು 30 ಪ್ರತಿಶತ. ಎರಡೂ ಸಲ ಇವನದು ಅದಕ್ಕಿಂತ ಕೆಳಗಿದೆ. ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ ಎಂದು ಕೇಳುವುದನ್ನು ಮರೆಯಬಾರದು, ಏಕೆಂದರೆ ಜ್ವರವೊಂದೇ ಎಣಿಕೆಯನ್ನು ತಾತ್ಕಾಲಿಕವಾಗಿ ಇಳಿಸಬಲ್ಲದು. ಕುದಿನೀರಿನ ಬೇಸಿನ್ ಎದುರು ದಿನವಿಡೀ ಕೂರುವ ಕೆಲಸವೂ ವೃಷಣಕ್ಕೆ ಒಳ್ಳೆಯದಲ್ಲ. ಅದು ವೇರಿಕೋಸೀಲನ್ನು ಹುಟ್ಟಿಸದಿದ್ದರೂ ಶಾಖದ ಮೇಲೆ ಶಾಖ ಸೇರಿಸುತ್ತದೆ, ಹಾಗಾಗಿ ಜಾಗ ಬದಲಿಸಲು ಸಾಧ್ಯವೇ ಎಂದು ವೈದ್ಯರು ವಿಚಾರಿಸುತ್ತಾರೆ.

ಕೈಗೆ ಸಿಗುವ ವೇರಿಕೋಸೀಲ್, ಕೆಟ್ಟ ವೀರ್ಯ ಫಲಿತಾಂಶ, ಮಕ್ಕಳಾಗದಿರುವುದು, ಹೆಂಡತಿಯ ಕಡೆ ಸಮಯವೂ ಸಾಧ್ಯತೆಯೂ ಇರುವುದು: ಇವೆಲ್ಲ ಒಟ್ಟಿಗೆ ಬಂದಾಗ ಚಿಕಿತ್ಸೆ ಸಮರ್ಥನೀಯ. ಸೂಕ್ಷ್ಮದರ್ಶಕದ ನೆರವಿನಿಂದ ತೊಡೆಸಂದಿಯ ಸಣ್ಣ ಗಾಯದ ಮೂಲಕ ಹಿಗ್ಗಿದ ಅಭಿಧಮನಿಗಳನ್ನು ಕಟ್ಟಿ, ಅಪಧಮನಿಯನ್ನೂ ದುಗ್ಧರಸದ ನಾಳಗಳನ್ನೂ ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಮರುಕಳಿಸುವಿಕೆ ಮತ್ತು ವೃಷಣದ ಸುತ್ತ ನೀರು ತುಂಬುವ ತೊಡಕು ಅತಿ ಕಡಿಮೆ. ಸೂಕ್ಷ್ಮದರ್ಶಕವಿಲ್ಲದೆ ಮಾಡಿದಾಗ ಇವೆರಡೂ ಹೆಚ್ಚುತ್ತವೆ. ಕ್ಯಾತೆಟರ್ ಮೂಲಕ ಒಳಗಿನಿಂದಲೇ ನಾಳವನ್ನು ಮುಚ್ಚುವ ವಿಧಾನವೂ ಇದೆ.

ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಮತ್ತೆ ಕೆಲವು ದಿನ ಬೇಕಾಗುವುದರಿಂದ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆಯುವ ಮೊದಲು ಮತ್ತೆ ವೀರ್ಯ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ನಮ್ಮ ರೀಲರನಿಗೆ ಈ ಶಸ್ತ್ರಚಿಕಿತ್ಸೆಯಾಗಿ, ಅವನ ಫಲಿತಾಂಶ ಆರನೆಯ ತಿಂಗಳಲ್ಲಿ 2.5 ಮಿಲಿಲೀಟರ್, 190 ಲಕ್ಷ, 34 ಪ್ರತಿಶತ ಎಂದು ಬಂದಿತೆನ್ನೋಣ. ಈಜಬಲ್ಲವು ಈಗ ಸುಮಾರು 160 ಲಕ್ಷ. ಇದು ಗರ್ಭಧಾರಣೆಯ ಭರವಸೆಯಲ್ಲ, ಸಹಜವಾಗಿ ಪ್ರಯತ್ನಿಸುವ ಅವಕಾಶ ಹೆಚ್ಚಿದ್ದಕ್ಕೆ ಆಧಾರ. ಹೆಂಡತಿಗೆ 27ರ ಬದಲು 39 ವರ್ಷವಾಗಿದ್ದರೆ ಈ ಕಾಯುವಿಕೆಯೇ ದುಬಾರಿಯಾಗಿ, ನೇರವಾಗಿ ಐವಿಎಫ್ ಕಡೆ ಹೋಗುವುದು ಸರಿಯೆನಿಸಬಹುದಿತ್ತು.

ಈಗ ಅದೇ ದಿನ ಬಂದ ಇನ್ನೊಬ್ಬನನ್ನು ಊಹಿಸಿಕೊಳ್ಳಿ. ಅವನ ಸ್ಕ್ಯಾನಿನಲ್ಲೂ “ವೇರಿಕೋಸೀಲ್” ಎಂದೇ ಬರೆದಿದೆ. ಎಡ ನಾಳದ ಅಗಲ 2.7 ಮಿಲಿಮೀಟರ್. ಆದರೆ ನಿಂತು ಮುಕ್ಕಿದರೂ ಬೆರಳಿಗೆ ಏನೂ ಸಿಗುವುದಿಲ್ಲ. ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ಅಗಲವಾಗಿದ್ದು, ಮುಕ್ಕಿದಾಗ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹಿಂದಕ್ಕೆ ಹರಿಯುವುದು ಕಂಡರೆ ಮಾತ್ರ ವೇರಿಕೋಸೀಲ್ ಎಂದು ಪರಿಗಣಿಸುವ ರೂಢಿಯಿದೆ, ಮತ್ತು ಸ್ಕ್ಯಾನಿನಲ್ಲಿ ಮಾತ್ರ ಕಾಣುವ ವೇರಿಕೋಸೀಲನ್ನು ಕಟ್ಟಿದರೆ ಸಂತಾನಶಕ್ತಿ ಸುಧಾರಿಸುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಅವನ ವೀರ್ಯದ ಎಣಿಕೆ ಕಡಿಮೆಯಿದ್ದರೂ ಆಪರೇಷನ್ ಬೇಡ. ಹಾರ್ಮೋನ್, ಔಷಧಿ, ತಂಬಾಕು, ಹಿಂದಿನ ಕಾಯಿಲೆಗಳು ಎಂದು ಕಾರಣವನ್ನು ಬೇರೆಡೆ ಹುಡುಕಬೇಕು.