ನಡುರಾತ್ರಿ ದಾಟಿದ ವೇಳೆಗೆ ಸರಾಸರಿ ಎಲ್ಲಿ?

ರಾತ್ರಿ ರೈಲೊಂದು ಐದು ದಿನ ನಿಲ್ದಾಣ ತಲುಪಿದ ವೇಳೆ ಹೀಗಿದೆ ಎಂದುಕೊಳ್ಳಿ: 23:50, 23:55, 00:05, 00:20, 00:40. ಇವನ್ನು ನಿಮಿಷಕ್ಕೆ ಇಳಿಸಿ ಕೂಡಿದರೆ 2930. ಐದರಿಂದ ಭಾಗಿಸಿದರೆ 586, ಅಂದರೆ ಬೆಳಿಗ್ಗೆ 9:46. ಆ ಹೊತ್ತಿಗೆ ರೈಲು ಒಂದು ದಿನವೂ ಬಂದಿಲ್ಲ. ಕೂಡಿದ್ದರಲ್ಲಿ ತಪ್ಪಿಲ್ಲ. ದಿನವನ್ನು ನಡುರಾತ್ರಿಯಲ್ಲಿ ಕತ್ತರಿಸಿದ್ದರಿಂದ ಹದಿನೈದು ನಿಮಿಷದ ಅಂತರದಲ್ಲಿದ್ದ 23:50 ಮತ್ತು 00:05 ಅಳತೆಪಟ್ಟಿಯ ಎರಡು ತುದಿಗೆ ಹೋಗಿ ಬಿದ್ದವು.

ಕತ್ತರಿಯ ಜಾಗ ಬದಲಿಸುವ ಉಪಾಯ ಬಹಳ ಹಳೆಯದು. ಟಾಲೆಮಿಯಿಂದ ಹಿಡಿದು ಖಗೋಳಜ್ಞರು ದಿನವನ್ನು ಮಧ್ಯಾಹ್ನದಿಂದ ಎಣಿಸುತ್ತಿದ್ದರು. ಒಂದು ರಾತ್ರಿಯ ವೀಕ್ಷಣೆಗೆ ಎರಡು ತಾರೀಕು ಬೀಳುವುದಿಲ್ಲ ಎಂಬುದು ಅದರಿಂದಾದ ಅನುಕೂಲ. 1925ರಲ್ಲಷ್ಟೇ ಅವರ ಪಂಚಾಂಗಗಳು ನಡುರಾತ್ರಿಗೆ ಬದಲಾದವು. ಅವರು ದಿನಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಜೂಲಿಯನ್ ದಿನದ ಎಣಿಕೆ ಮಾತ್ರ ಇಂದಿಗೂ ಮಧ್ಯಾಹ್ನಕ್ಕೇ ಶುರುವಾಗುತ್ತದೆ. ಬಸ್ಸು, ರೈಲುಗಳ ವೇಳಾಪಟ್ಟಿಯನ್ನು ಮೊಬೈಲ್ ಆ್ಯಪ್‌ಗಳಿಗೆ ಒದಗಿಸುವ GTFS ಕಡತಗಳಲ್ಲಿ ರಾತ್ರಿ 1:10ರ ಬಸ್ಸನ್ನು `25:10:00` ಎಂದು ಬರೆಯಲು ಅವಕಾಶವಿರುವುದೂ ಇದೇ ಜಾಣತನ. ನಮ್ಮ ರೈಲಿನ ವೇಳೆಯನ್ನು ಮಧ್ಯಾಹ್ನದಿಂದ ಎಣಿಸಿದರೆ ಸರಾಸರಿ 00:10 ಎಂದು ಸರಿಯಾಗಿಯೇ ಬರುತ್ತದೆ. ನನ್ನ ಮಟ್ಟಿಗೆ, ಒಂದೇ ರಾತ್ರಿ ರೈಲಿಗೆ ಇಷ್ಟು ಸಾಕು.

ವೇಳೆಗಳು ದಿನದ ಸುತ್ತಲೂ ಹರಡಿಕೊಂಡಾಗ ಈ ಉಪಾಯ ಕೈಕೊಡುತ್ತದೆ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮೂವರು 22:00, 02:00 ಮತ್ತು 10:00ಕ್ಕೆ ಬಂದರು ಎನ್ನಿ. ನಡುರಾತ್ರಿಯಿಂದ ಎಣಿಸಿದರೆ ಸರಾಸರಿ 11:20. ಬೆಳಗಿನ 4ರಿಂದ ಎಣಿಸಿದರೆ 19:20. ಮಧ್ಯಾಹ್ನದಿಂದ ಎಣಿಸಿದರೆ 03:20. ಬಂದವರು ಅವರೇ ಮೂವರು, ಉತ್ತರ ಮಾತ್ರ ಕತ್ತರಿ ಹಿಡಿದವರ ಇಷ್ಟ.

ಕತ್ತರಿಯೇ ಬೇಡದ ದಾರಿ ತೆರೆದದ್ದು ಗಡಿಯಾರದಿಂದಲ್ಲ, ರಸಾಯನಶಾಸ್ತ್ರದ ಒಂದು ಪ್ರಶ್ನೆಯಿಂದ. ಪರಮಾಣು ತೂಕಗಳು ಮೂಲತಃ ಪೂರ್ಣಾಂಕಗಳೇ, ಅಲ್ಲವೇ ಎಂದು ಗಣಿತಜ್ಞ ರಿಚರ್ಡ್ ಫಾನ್ ಮೀಸೆಸ್ 1918ರಲ್ಲಿ ಪರಿಶೀಲಿಸಿದರು. ಇಂದಿನ ಅಂಕಿಗಳಲ್ಲೇ ನೋಡಿ: ಸಾರಜನಕ 14.01, ಅಲ್ಯೂಮಿನಿಯಂ 26.98. ಎರಡೂ ಪೂರ್ಣಾಂಕದ ಪಕ್ಕದಲ್ಲೇ ಇವೆ. ಆದರೆ ದಶಮಾಂಶ ಭಾಗಗಳಾದ .01 ಮತ್ತು .98ರ ಸರಾಸರಿ ತೆಗೆದರೆ .495, ಪೂರ್ಣಾಂಕದಿಂದ ಆದಷ್ಟು ದೂರ. ನಡುರಾತ್ರಿಯ ತೊಡಕೇ ಇಲ್ಲಿಯೂ ಇದೆ. ಮೀಸೆಸ್ ಆ ದಶಮಾಂಶಗಳನ್ನು ವೃತ್ತದ ಮೇಲಿನ ಕೋನಗಳೆಂದು ಬಗೆದರು. ವೃತ್ತದಲ್ಲಿ .98 ಮತ್ತು .01 ನೆರೆಹೊರೆಯವು.

ಗಡಿಯಾರಕ್ಕೆ ಇದನ್ನು ಒಗ್ಗಿಸುವುದು ಸುಲಭ. ಇಪ್ಪತ್ನಾಲ್ಕು ಗಂಟೆಗೆ 360 ಡಿಗ್ರಿ, ಗಂಟೆಗೆ 15. ಪ್ರತಿ ವೇಳೆಗೂ ವೃತ್ತದ ಕೇಂದ್ರದಿಂದ ಒಂದೇ ಉದ್ದದ ಬಾಣ ಎಳೆದು, ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಾ ಹೋಗಬೇಕು. ಕೇಂದ್ರದಿಂದ ಕೊನೆಯ ತುದಿಗಿರುವ ದಿಕ್ಕೇ ವೃತ್ತೀಯ ಸರಾಸರಿ. ಆಸ್ಪತ್ರೆಯ ಮೂವರಲ್ಲಿ 22:00 ಮತ್ತು 10:00 ನೇರ ಎದುರುಬದುರು. ಆ ಎರಡು ಬಾಣಗಳು ಪರಸ್ಪರ ಅಳಿಸಿಹೋಗುತ್ತವೆ. ಉಳಿಯುವುದು 02:00. ಎಣಿಕೆ ಎಲ್ಲಿಂದ ಶುರುಮಾಡಿದರೂ ಇದು ಕದಲುವುದಿಲ್ಲ.

ಲೆಕ್ಕದಲ್ಲಿ ಸೈನ್‌ಗಳನ್ನೂ ಕೊಸೈನ್‌ಗಳನ್ನೂ ಬೇರೆಬೇರೆ ಕೂಡಿ, ಅವುಗಳಿಂದ ಕೋನ ಕಂಡುಹಿಡಿಯುವ `atan2` ಎಂಬ ಸೂತ್ರಕ್ಕೆ ಕೊಡುತ್ತಾರೆ. ಪೈಥಾನ್‌ನಲ್ಲಿ ಸೈನ್ ಮೊತ್ತ ಮೊದಲು, ಎಕ್ಸೆಲ್‌ನಲ್ಲಿ ಕೊಸೈನ್ ಮೊತ್ತ ಮೊದಲು. ಅದಲುಬದಲಾದರೆ ಯಂತ್ರ ತಕರಾರಿಲ್ಲದೆ ತಪ್ಪು ವೇಳೆ ಕೊಡುತ್ತದೆ. ಎಲ್ಲ ವೇಳೆಯನ್ನೂ 03:00 ಎಂದು ಹಾಕಿ ನೋಡಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಏಕೆಂದರೆ 45 ಡಿಗ್ರಿಯಲ್ಲಿ ಎರಡೂ ಸಮ. 01:00 ಹಾಕಿದರೆ 05:00 ಎಂದು ಬಂದು ಬಯಲಾಗುತ್ತದೆ.

ದಿಕ್ಕಿನ ಜೊತೆಗೆ ಉದ್ದವನ್ನೂ ನೋಡಬೇಕು. ಪ್ರತಿ ಬಾಣದ ಉದ್ದ ಒಂದು ಎಂದಿಟ್ಟು, ಕೇಂದ್ರದಿಂದ ಕೊನೆಯ ತುದಿಗಿರುವ ದೂರವನ್ನು ಬಾಣಗಳ ಸಂಖ್ಯೆಯಿಂದ ಭಾಗಿಸಿದರೆ ಸೊನ್ನೆಯಿಂದ ಒಂದರವರೆಗಿನ ಅಂಕಿ ಬರುತ್ತದೆ. ರೈಲಿನ ಐದು ವೇಳೆಗೆ ಇದು ಸುಮಾರು 0.997, ಅಂದರೆ 00:10 ನಂಬಬಹುದಾದ ಉತ್ತರ. ಆಸ್ಪತ್ರೆಗೆ 0.33 ಮಾತ್ರ, 02:00 ಎಂದು ಫಲಕ ಬರೆಸುವಷ್ಟು ಗಟ್ಟಿಯಲ್ಲ. ಬೆಳಿಗ್ಗೆ ಆರು ಮತ್ತು ಸಂಜೆ ಆರಕ್ಕೆ ಬರುವ ಎರಡು ಬಸ್ಸುಗಳಿಗೆ ಉದ್ದ ಸೊನ್ನೆ, ಸರಾಸರಿ ಎಂಬುದೇ ಇಲ್ಲ. ಆದರೂ ಕಂಪ್ಯೂಟರ್ ಏನೋ ಒಂದು ವೇಳೆ ಮುದ್ರಿಸಿಬಿಡುತ್ತದೆ.

ಮುಂದೆ ಈ ವಿದ್ಯೆ ಹೆಚ್ಚಾಗಿ ಬೆಳೆದದ್ದು ದಿಕ್ಕುಗಳನ್ನು ಅಳೆಯುವವರ ಕೈಯಲ್ಲಿ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಸುಪ್ರಿಯ ಸೇನ್‌ಗುಪ್ತ ಮತ್ತು ಜೆ. ಎಸ್. ರಾವ್ 1960ರ ದಶಕದಲ್ಲಿ ಪ್ರಾಣಹಿತ–ಗೋದಾವರಿ ಕಣಿವೆಯ ಶಿಲಾಪದರಗಳ ಓರೆಯಿಂದ ಪುರಾತನ ನೀರಿನ ಹರಿವಿನ ದಿಕ್ಕನ್ನು ಹೀಗೆ ಲೆಕ್ಕಹಾಕಿದರು. ಸಂಖ್ಯಾಶಾಸ್ತ್ರಜ್ಞ ಕಾಂತಿ ಮರ್ದಿಯಾ 1972ರಲ್ಲಿ ಈ ವಿಷಯಕ್ಕೇ ಮೀಸಲಾದ ಪುಸ್ತಕ ತಂದರು.

ಇಷ್ಟಾದರೂ ರೈಲು ಎಷ್ಟು ತಡ ಎಂಬ ಪ್ರಶ್ನೆಗೆ ವೃತ್ತ ಸಲ್ಲದು. ವೃತ್ತದ ಮೇಲೆ 26 ಗಂಟೆ ತಡವಾದ ರೈಲೂ ಎರಡು ಗಂಟೆ ತಡವಾದ ರೈಲೂ ಒಂದೇ ಜಾಗದಲ್ಲಿ ನಿಲ್ಲುತ್ತವೆ. ತಾರೀಕು ದಾಖಲೆಯಲ್ಲಿದ್ದರೆ, ನಿಗದಿತ ವೇಳೆಯಿಂದ ಎಷ್ಟು ನಿಮಿಷ ತಡವೆಂದು ಎಣಿಸಿ ಸಾಮಾನ್ಯ ಸರಾಸರಿಯನ್ನೇ ತೆಗೆಯಬೇಕು.