ನೀರಿನ ಕ್ಯಾನ್ ಗಾಡಿಗೆ ಯಾವ ಬ್ಯಾಟರಿ ಅಗ್ಗ?

‘ಸಾರ್, ಆಸಿಡ್ ಬ್ಯಾಟರಿ 130 ಎಎಚ್, ನಾಲ್ಕರ ಸೆಟ್ಟಿಗೆ 40 ಸಾವಿರ. ಲಿಥಿಯಂ ಬರೀ 100 ಎಎಚ್, ಅದಕ್ಕೆ 85 ಸಾವಿರ. ಎಎಚ್ ಕಮ್ಮಿ, ರೇಟು ಡಬಲ್. ಇದ್ಯಾವ ನ್ಯಾಯ?’

ಸಣ್ಣ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ರಿಪೇರಿ ನನ್ನ ಕಸುಬು. ಈ ಮಾತನ್ನು ಕೇಳದ ವಾರ ಇಲ್ಲ. ದಿಲ್ಲಿ, ಉತ್ತರ ಪ್ರದೇಶ, ಬಿಹಾರದ ಕಡೆ ಇ-ರಿಕ್ಷಾ ಅಂದರೆ ಜನ ಹತ್ತುವ ಗಾಡಿ. ನನ್ನ ಹತ್ತಿರ ಬರುವುದು ಹೆಚ್ಚಾಗಿ ಅದರದೇ ಸಾಮಾನು ಹೊರುವ ರೂಪ: ನೀರಿನ ಕ್ಯಾನ್, ತರಕಾರಿ, ಕಿರಾಣಿ ಸಾಗಿಸುವ ಇ-ಕಾರ್ಟ್. ಎರಡರಲ್ಲೂ ಸಾಮಾನ್ಯವಾಗಿ 48 ವೋಲ್ಟ್ ಬ್ಯಾಟರಿ ಇರುತ್ತದೆ, ಲೆಕ್ಕವೂ ಒಂದೇ.

ಮೊದಲು ಆ ಎಎಚ್ ವಿಷಯ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಅನ್ನುವ ಅಳತೆ. ಆಸಿಡ್ ಬ್ಯಾಟರಿಯ ಲೇಬಲ್ಲನ್ನು ಹತ್ತಿರದಿಂದ ನೋಡಿ. 130 ಎಎಚ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ C20 ಅಂತ ಇರುತ್ತದೆ. ಅಂದರೆ 20 ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 130 ಸಿಗುತ್ತದೆ. ಆಗ ಎಳೆಯುವುದು ಬರೀ ಆರೂವರೆ ಆಂಪಿಯರ್. ನಿಮ್ಮ ಗಾಡಿ ಲೋಡ್ ಹೊತ್ತು ಹೊರಟಾಗ ಎಳೆಯುವುದು 25, 30 ಆಂಪಿಯರ್. ಏರಿನಲ್ಲಿ ಇನ್ನೂ ಜಾಸ್ತಿ. ಅಷ್ಟು ಜೋರಾಗಿ ಎಳೆದರೆ ಅದೇ ಬ್ಯಾಟರಿ ಕೊಡುವುದು ಹೆಚ್ಚುಕಮ್ಮಿ 100 ಎಎಚ್. ಲಿಥಿಯಂನಲ್ಲಿ ಈ ನಷ್ಟ ತೀರಾ ಕಡಿಮೆ, ಬರೆದ 100ರಲ್ಲಿ ಹತ್ತಿರ ಹತ್ತಿರ ಪೂರ್ತಿ ಕೈಗೆ ಸಿಗುತ್ತದೆ. ಹಾಗಾಗಿ ರಸ್ತೆಯ ಮೇಲೆ ಈ ಎರಡೂ ಒಂದೇ ಅಳತೆಯ ಬ್ಯಾಟರಿ. ಎಎಚ್ ಜಗಳ ಇಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ, ಅದು ಬೇರೆ ಮಾತು.

ಈಗ ದುಡ್ಡು. ದಾವಣಗೆರೆಯಲ್ಲಿ ನೀರಿನ ಕ್ಯಾನ್ ಹಾಕುವ ಒಬ್ಬರ ಗಾಡಿಯನ್ನೇ ತೆಗೆದುಕೊಳ್ಳೋಣ. ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 26 ದಿನ ಓಡಾಟ. ಇ-ಕಾರ್ಟಿಗೆ ಕಾಯ್ದೆಯ ಮಿತಿ 310 ಕೆಜಿ ಸಾಮಾನು, ಅಂದರೆ 20 ಲೀಟರಿನ ಕ್ಯಾನ್ 14 ಬಂದರೆ ಹೆಚ್ಚು. ಇವರು ಎಷ್ಟು ಹೇರುತ್ತಾರೆ ಅಂತ ನಾನು ಕೇಳಲಿಲ್ಲ, ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳೇ ಹೇಳುತ್ತಿದ್ದವು. ಅಂಥ ಗಾಡಿಗೆ ದಿನಕ್ಕೆ 70 ಎಎಚ್ ಬೇಕು. ವರ್ಷಕ್ಕೆ ಓಡುವುದು ಸುಮಾರು 18,700 ಕಿಲೋಮೀಟರ್.

ದಿನಾ ಇಷ್ಟು ಆಳಕ್ಕೆ ಖಾಲಿಯಾಗುವ ಆಸಿಡ್ ಸೆಟ್ ಒಂದು ವರ್ಷ ಬಾಳಿದರೆ ಪುಣ್ಯ. 40 ಸಾವಿರಕ್ಕೆ ಕೊಂಡಿದ್ದು ಗುಜರಿಗೆ ಹೋದಾಗ ಸೀಸದ ತೂಕಕ್ಕೆ ಸುಮಾರು 10 ಸಾವಿರ ವಾಪಸ್ ಬರುತ್ತದೆ. ಇದನ್ನು ಮರೆತು ಲೆಕ್ಕ ಹಾಕುವ ಲಿಥಿಯಂ ಏಜೆಂಟರ ಮಾತು ನಂಬಬೇಡಿ. ಖರ್ಚಾಗಿದ್ದು 30 ಸಾವಿರ, ಕಿಲೋಮೀಟರಿಗೆ 1 ರೂಪಾಯಿ 60 ಪೈಸೆ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಕರೆಂಟಿನ ಒಂದು ಪಾಲು ಬಿಸಿಯಾಗಿ, ಗ್ಯಾಸ್ ಆಗಿ ಹೋಗುತ್ತದೆ. ಹಾಗಾಗಿ ದಿನಕ್ಕೆ 5 ಯೂನಿಟ್ ಮೇಲೆಯೇ ಎಳೆಯುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದು, ಡಿಸ್ಟಿಲ್ಡ್ ವಾಟರ್ ಖರ್ಚನ್ನೂ ಸೇರಿಸಿದರೆ ಒಟ್ಟು ಕಿಲೋಮೀಟರಿಗೆ 2 ರೂಪಾಯಿ 35 ಪೈಸೆ.

ಲಿಥಿಯಂಗೆ ಕರೆಂಟ್ ದಿನಕ್ಕೆ 4 ಯೂನಿಟ್ಟಿನ ಒಳಗೆ. ಆದರೆ 85 ಸಾವಿರ ಕೈಯಲ್ಲಿ ಯಾರ ಹತ್ತಿರ ಇರುತ್ತೆ? ಸಾಲವೇ ಗತಿ. ಶೇ 18ರ ಬಡ್ಡಿಗೆ 2 ವರ್ಷದ ಸಾಲ ಅಂದರೆ ತಿಂಗಳಿಗೆ ಸುಮಾರು 4,250 ಕಂತು, ಒಟ್ಟು 1,02,000. ಆ ಬ್ಯಾಟರಿ ಮೂರೇ ವರ್ಷಕ್ಕೆ ಸತ್ತರೆ ಕರೆಂಟೂ ಸೇರಿ ಕಿಲೋಮೀಟರಿಗೆ ಬೀಳುವುದು ಹೆಚ್ಚುಕಮ್ಮಿ ಅದೇ 2.35! ನಾಲ್ಕು ವರ್ಷ ಬಾಳಿದರೆ 1.90ರ ಹತ್ತಿರ. ಐದು ವರ್ಷ ಬಾಳಿದರೆ 1.60. ನಿಮ್ಮ ಊರಿನ ರೇಟು, ಬಡ್ಡಿ ಬೇರೆ ಇರಬಹುದು. ಅಂಕಿ ಬದಲಾಯಿಸಿ ನೀವೇ ಹಾಕಿ ನೋಡಿ.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಹತ್ತು ಜನಕ್ಕೆ ಹೇಳಿದರೆ ಒಬ್ಬರಿಗೆ ಹತ್ತುತ್ತದೆ. ಸಾಲದಲ್ಲಿ ಕೊಂಡ ಲಿಥಿಯಂ ಮೊದಲ ಮೂರು ವರ್ಷ ಬ್ಯಾಟರಿ ಲೆಕ್ಕದಲ್ಲಿ ಏನೂ ಉಳಿಸುವುದಿಲ್ಲ. ಲಾಭ ಎಲ್ಲಾ ಇರುವುದು ನಾಲ್ಕನೇ ವರ್ಷದಿಂದ ಆಚೆ. ಹಾಗಾಗಿ ‘ಲಿಥಿಯಂ ಅಗ್ಗವೋ, ಆಸಿಡ್ ಅಗ್ಗವೋ’ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ‘ಈ ಅಂಗಡಿಯ ಈ ಪ್ಯಾಕ್ ನನ್ನ ಗಾಡಿಯಲ್ಲಿ ನಾಲ್ಕನೇ ವರ್ಷ ನೋಡುತ್ತಾ?’ ಅಂತ ಕೇಳಿ.

ಆಸಿಡ್ ಪರ ಲೆಕ್ಕದಲ್ಲೂ ಒಂದು ತೂತಿದೆ. ಆ ಸೆಟ್ ಹನ್ನೆರಡು ತಿಂಗಳು ಒಂದೇ ಸಮ ಓಡುವುದಿಲ್ಲ. ಒಂಬತ್ತನೇ ತಿಂಗಳ ಹೊತ್ತಿಗೆ 60ರ ಜಾಗದಲ್ಲಿ 40 ಓಡಿ ನಿಲ್ಲುತ್ತದೆ. ಮಧ್ಯಾಹ್ನ ಚಾರ್ಜಿಗೆ ಹಾಕಬೇಕು, ಸಂಜೆಯ ಟ್ರಿಪ್ ಹೋಯಿತು. ಇಲ್ಲಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದರೆ ಕಥೆ ಗೊತ್ತಾಗುತ್ತದೆ. ಫುಲ್ ಚಾರ್ಜ್ ಆದಮೇಲೆ ಒಳ್ಳೆಯ ಸೆಲ್ಲುಗಳು 1.25, 1.26 ತೋರಿಸುವಾಗ ಒಂದು ಸೆಲ್ 1.18ರಲ್ಲಿ ಕೂತಿರುತ್ತದೆ. ಅದೊಂದು ಉಳಿದವನ್ನೆಲ್ಲ ಕೆಳಗೆ ಎಳೆಯುತ್ತದೆ. ‘ಅದೊಂದೇ ಬ್ಯಾಟರಿ ಹೊಸದು ಹಾಕಿಕೊಡಿ ಅಣ್ಣಾ’ ಅನ್ನುತ್ತಾರೆ. ಮೂರು ಮುದಿ ಎತ್ತುಗಳ ಜೊತೆ ಒಂದು ಎಳೆಗರುವನ್ನು ನೊಗಕ್ಕೆ ಕಟ್ಟಿದ ಹಾಗೆ ಅದು, ಹೊಸದೂ ಬೇಗ ಕೆಡುತ್ತದೆ.

ಹಾಗಂತ ಎಲ್ಲರಿಗೂ ಲಿಥಿಯಂ ಹಾಕಿಸಿ ಅನ್ನಲಾರೆ. ದಿನಕ್ಕೆ 20 ಕಿಲೋಮೀಟರ್ ಓಡುವ ತರಕಾರಿ ಗಾಡಿಯಲ್ಲಿ ಆಸಿಡ್ ಸೆಟ್ ನೀರು ನೋಡಿಕೊಂಡರೆ ಎರಡು ವರ್ಷ ಬರುತ್ತದೆ. ಅಲ್ಲಿ ಬ್ಯಾಟರಿ ಖರ್ಚು ಕಿಲೋಮೀಟರಿಗೆ 2.40. ಅದೇ ಸಾಲದ ಲಿಥಿಯಂ ಐದು ವರ್ಷ ಬಂದರೂ 3.25 ದಾಟುತ್ತದೆ. ಅಂಥವರಿಗೆ ಆಸಿಡ್ಡೇ ಸರಿ. ಹೆಚ್ಚು ಓಡುವವರಿಗೆ ಲಿಥಿಯಂ, ಅದೂ ಪ್ಯಾಕ್ ಒಳ್ಳೆಯದಾಗಿದ್ದರೆ.

ಒಳ್ಳೆಯದು ಅಂತ ಗೊತ್ತಾಗುವುದು ಹೇಗೆ? ಹಳೇ ಸೆಲ್ ಸೇರಿಸಿ ಕಟ್ಟಿದ ಪ್ಯಾಕೂ ಹೊರಗಿನಿಂದ ಹೊಸದರ ಹಾಗೇ ಹೊಳೆಯುತ್ತದೆ. ಕೊಳ್ಳುವ ಮೊದಲು ಫುಲ್ ಚಾರ್ಜ್ ಮಾಡಿಸಿ, ಲೋಡ್ ಹಾಕಿ ಖಾಲಿ ಮಾಡಿ, ಎಷ್ಟು ಎಎಚ್ ಬಂತು ಅಂತ ತೋರಿಸಲು ಹೇಳಿ. 100ರ ಪ್ಯಾಕ್ 95ರ ಮೇಲೆ ಕೊಡಬೇಕು. ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್ ಬಿಎಂಎಸ್, ಅದರ ಆ್ಯಪ್‌ನಲ್ಲಿ 16 ಸೆಲ್ಲುಗಳ ವೋಲ್ಟೇಜ್ ಕಾಣುತ್ತದೆ. ಅರ್ಧ ಚಾರ್ಜಿನಲ್ಲಿ ಅವು ಹತ್ತಿರ ಹತ್ತಿರ ಇರಬೇಕು. ಅಲ್ಲೇ ಒಂದು ಸೆಲ್ 0.1 ವೋಲ್ಟ್ ಹಿಂದೆ ಬಿದ್ದಿದ್ದರೆ ಅನುಮಾನಪಡಿ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ವಾರಂಟಿ ಕಾರ್ಡಿನಲ್ಲಿ ಎಷ್ಟು ವರ್ಷ ಅನ್ನುವುದರ ಜೊತೆಗೆ, ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ರಿಪೇರಿಗೆ ಕಳಿಸಿದ ದಿನಗಳಲ್ಲಿ ಗಾಡಿಗೆ ಏನು ಕೊಡುತ್ತಾರೆ ಅಂತಲೂ ಬರೆಸಿಕೊಳ್ಳಿ. ಹದಿನೈದು ದಿನ ನಿಂತ ಗಾಡಿಗೂ ಕಂತು ನಿಲ್ಲುವುದಿಲ್ಲ ಅಲ್ವಾ?

ಹಾಕಿಸಿದ ಮೇಲೆ ಎರಡು ಎಚ್ಚರ. ಡ್ಯಾಶ್‌ಬೋರ್ಡಿನ ವೋಲ್ಟ್ ಮೀಟರ್ ನೋಡಿ ಚಾರ್ಜ್ ಅಂದಾಜು ಮಾಡುವ ಅಭ್ಯಾಸ ಬಿಡಿ. ಆಸಿಡ್‌ನಲ್ಲಿ ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ. ಲಿಥಿಯಂನಲ್ಲಿ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತು, ಆಮೇಲೆ ಧಡಕ್ಕನೆ ಕಟ್ ಆಗುತ್ತದೆ. ಗಾಡಿ ನಡುರಸ್ತೆಯಲ್ಲಿ ನಿಂತಾಗ ಬ್ಯಾಟರಿ ಕೆಟ್ಟಿತು ಅಂತ ನನಗೆ ಫೋನ್ ಮಾಡುತ್ತಾರೆ. ಪರ್ಸೆಂಟೇಜ್ ತೋರಿಸುವ ಮೀಟರ್ ಹಾಕಿಸಿ. ಇನ್ನೊಂದು, ಹಳೇ ಚಾರ್ಜರ್. 16 ಸೆಲ್ಲಿನ ಈ ಪ್ಯಾಕಿಗೆ ಮೇಲಿನ ಮಿತಿ 58.4 ವೋಲ್ಟ್. ಆಸಿಡ್ ಚಾರ್ಜರ್‌ಗಳಲ್ಲಿ ಕೆಲವು 60 ದಾಟುತ್ತವೆ. ಬಿಎಂಎಸ್ ತಡೆಯುತ್ತದೆ ನಿಜ, ಆದರೆ ದಿನಾ ಅದನ್ನೇ ನಂಬಿ ಕೂರುವಂತಿಲ್ಲ. ಆಸಿಡ್ ಸೆಟ್ ಗುಜರಿಗೆ ಹಾಕುವಾಗ ಆ ಚಾರ್ಜರ್ ಕೂಡ ಜೊತೆಗೆ ಕೊಟ್ಟು ಕಳಿಸಿ.