ಲೀಟರಿಗೊಂದು ಪೈಸೆ ಎಲ್ಲಿ ಸೋರಿತು?

ಕಾಸರಗೋಡಿನ ಒಳನಾಡಿನ ಒಂದು ಹಾಲಿನ ಸೊಸೈಟಿಗೆ ನಾನು ಕೆಲವು ವರ್ಷಗಳ ಹಿಂದೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹಾಲಿನ ದರದ ಜೊತೆಗೆ ಅಲ್ಲಿ ಲೀಟರಿಗೆ 1 ರೂಪಾಯಿ 10 ಪೈಸೆಯ ಪ್ರೋತ್ಸಾಹಧನವನ್ನು ತಿಂಗಳ ಕೊನೆಗೆ ಕೊಡುತ್ತಿದ್ದರು. ಆ ಮೊತ್ತವನ್ನು 1.15ಕ್ಕೆ ಏರಿಸಿದ ತಿಂಗಳು, ಹಾಲು ಹಾಕುವವರಲ್ಲಿ ಒಬ್ಬರಾದ ನಿವೃತ್ತ ಮಾಷ್ಟ್ರು ತಮ್ಮ ಪುಸ್ತಕ ಹಿಡಿದುಕೊಂಡು ಬಂದರು. ಅವರು ಹಾಕಿದ್ದು 206 ಲೀಟರ್. ಸಿಗಬೇಕಾದದ್ದು 236 ರೂಪಾಯಿ 90 ಪೈಸೆ, ಬಿಲ್ಲಿನಲ್ಲಿ ಇದ್ದದ್ದು 234 ರೂಪಾಯಿ 84 ಪೈಸೆ. "ಎರಡು ರೂಪಾಯಿ ದೊಡ್ಡದಲ್ಲ ಮಾರಾಯ, ಆದರೆ ಲೆಕ್ಕ ತಪ್ಪಿದ್ದು ಹೇಗೆ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಸುಳಿವು ಇದ್ದದ್ದು ವ್ಯತ್ಯಾಸದ ಮೊತ್ತದಲ್ಲಿಯೇ. ಕಡಿಮೆಯಾದದ್ದು ಸರಿಯಾಗಿ 206 ಪೈಸೆ, ಅಂದರೆ ಲೀಟರಿಗೆ ಒಂದರಂತೆ. ಇನ್ನೊಂದು ಮನೆಯ 91 ಲೀಟರಿನ ಬಿಲ್ಲನ್ನು ತೆಗೆದು ನೋಡಿದರೆ ಅಲ್ಲಿ 91 ಪೈಸೆ ಕಡಿಮೆ. ಹೀಗೆ ಕೊರತೆಯು ಪ್ರಮಾಣಕ್ಕೆ ತಕ್ಕಂತೆ ಬೆಳೆಯುತ್ತಿದ್ದರೆ ಕೂಡಿಸುವಲ್ಲಿ ತಪ್ಪಿಲ್ಲ, ದರವೇ ತಪ್ಪಾಗಿ ಒಳಗೆ ಹೋಗಿದೆ ಎಂದು ತಿಳಿಯಬೇಕು. ನಾನು ದರವನ್ನು ನೂರರಿಂದ ಗುಣಿಸಿ, ದಶಾಂಶ ಭಾಗವನ್ನು ಕತ್ತರಿಸಿ, ಪೈಸೆ ಮಾಡಿಕೊಳ್ಳುತ್ತಿದ್ದೆ. ಪೈಥಾನಿನಲ್ಲಿ ಅದನ್ನೇ ಬಿಡಿಸಿ ನೋಡಿದಾಗ ಕಂಡದ್ದು ಇದು:

```python
>>> 1.10 * 100
110.00000000000001
>>> 1.15 * 100
114.99999999999999
>>> int(1.15 * 100)
114
```

ಹಳೆಯ ದರದಲ್ಲಿಯೂ ದೋಷವಿತ್ತು. ಆದರೆ ಅದು ಮೇಲ್ಮುಖವಾಗಿದ್ದುದರಿಂದ, ಕತ್ತರಿಸಿದಾಗ 110 ಉಳಿದು, ಯಾರ ಕಣ್ಣಿಗೂ ಬೀಳಲಿಲ್ಲ. ಹೊಸ ದರದಲ್ಲಿ ಅದು ಕೂದಲೆಳೆಯಷ್ಟು ಕೆಳಗಿದ್ದುದೇ ಸಾಕಾಯಿತು. `int` ಅದನ್ನು ಇಡೀ ಒಂದು ಪೈಸೆಯಾಗಿ ಹಿಗ್ಗಿಸಿತು. ಈ ಬಗೆಯ ತಪ್ಪುಗಳು ಪರೀಕ್ಷೆಗೆ ಸಿಕ್ಕದೆ ತಿಂಗಳುಗಟ್ಟಲೆ ಮಲಗಿರುವುದಕ್ಕೆ ಕಾರಣವೂ ಇದೇ: ಕೆಲವು ದರಗಳಿಗೆ ಪ್ರೋಗ್ರಾಂ ಪೂರ್ತಿ ಸರಿಯಾಗಿಯೇ ನಡೆಯುತ್ತದೆ.

ಆ ಕೂದಲೆಳೆ ಬಂದದ್ದು ಎಲ್ಲಿಂದ? ಬಹುತೇಕ ಎಲ್ಲ ಕಂಪ್ಯೂಟರುಗಳೂ ದಶಾಂಶ ಸಂಖ್ಯೆಗಳನ್ನು 1985ರಲ್ಲಿ ಬಂದ ಐಇಇಇ 754 ಎಂಬ ಮಾನಕದಂತೆ, ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ, ಎರಡರ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತವೆ. ನಮ್ಮ ಬಿಂದುವಿನ ಬಲಗಡೆ ಹತ್ತನೇ ಒಂದು, ನೂರನೇ ಒಂದು ಎಂಬ ಸ್ಥಾನಗಳಿದ್ದರೆ, ಅಲ್ಲಿ ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಎಂಬ ಸ್ಥಾನಗಳಿರುತ್ತವೆ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಬರೆಯುತ್ತಾ ಹೋದರೂ ಹೇಗೆ ಮುಗಿಯುವುದಿಲ್ಲವೋ, ಹಾಗೆಯೇ 0.15ನ್ನು ಅರ್ಧ, ಕಾಲುಗಳ ಮೊತ್ತವಾಗಿ ಬರೆಯಹೊರಟರೆ ಅದು ಮುಗಿಯುವುದಿಲ್ಲ. ಯಂತ್ರದಲ್ಲಿ 53 ಅಂಕಿಗಳಿಗಷ್ಟೇ ಜಾಗ. ಅಲ್ಲಿಗೆ ನಿಲ್ಲಿಸಿ ಅತಿ ಸಮೀಪದ ಸಂಖ್ಯೆಯನ್ನು ಹಿಡಿದಿಟ್ಟಾಗ, 1.15 ಎಂದು ನಾವು ಬರೆದದ್ದು ಒಳಗೆ 1.1499999999999999111… ಆಗಿರುತ್ತದೆ.

ಒಂದು ರೂಪಾಯಿಯೊಳಗೆ ಸೊನ್ನೆಯಿಂದ 99ರವರೆಗೆ ಇರುವ ನೂರು ಪೈಸೆ ಬೆಲೆಗಳಲ್ಲಿ ಹೀಗೆ ನಿಖರವಾಗಿ ಕೂರುವುದು ನಾಲ್ಕೇ ನಾಲ್ಕು: ಸೊನ್ನೆ, 25, 50 ಮತ್ತು 75. ಉಳಿದ 96 ಬೆಲೆಗಳೂ ಅಂದಾಜುಗಳೇ. ತಮಾಷೆಯೆಂದರೆ, 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಗಳು ಬರುವ ಮೊದಲು ನಮ್ಮ ಅಜ್ಜಂದಿರು ಎಣಿಸುತ್ತಿದ್ದ ಆಣೆಗೆ ಈ ತೊಂದರೆ ಇರುತ್ತಿರಲಿಲ್ಲ. ರೂಪಾಯಿಯ ಹದಿನಾರನೇ ಒಂದು ಭಾಗವಾದ ಆಣೆ, ಎರಡರ ಪದ್ಧತಿಯಲ್ಲಿ ಅಕ್ಷರಶಃ ಹದಿನಾರಾಣೆ ನಿಖರ.

ಕತ್ತರಿಸುವ ಬದಲು `round` ಬಳಸಿದರೆ ನನ್ನ ತಪ್ಪು ಆ ದಿನವೇ ಮುಚ್ಚಿಹೋಗುತ್ತಿತ್ತು, 115 ಸಿಗುತ್ತಿತ್ತು. ಆದರೂ ಅದು ತೇಪೆ ಹಾಕಿದಂತೆ. ಹತ್ತು ಪೈಸೆಯನ್ನು 0.1 ಎಂದು ಹತ್ತು ಸಲ ಒಂದೊಂದಾಗಿ ಕೂಡಿಸಿದರೆ ಬರುವುದು 0.9999999999999999, ಒಂದು ರೂಪಾಯಿ ಅಲ್ಲ; ಆದ್ದರಿಂದ ಬಾಕಿ ಸೊನ್ನೆಯಾಯಿತೇ ಎಂದು ಹೋಲಿಸಿ ನೋಡುವ ಕಡೆಯಲ್ಲೆಲ್ಲ ಅದು ಮತ್ತೆ ಕೈಕೊಡುತ್ತದೆ. ನಾನು ಕೊನೆಗೆ ಮಾಡಿದ್ದು, ಹಣವನ್ನು ಎಲ್ಲಿಯೂ ದಶಾಂಶವಾಗಿ ಇಡದೆ, ಪೈಸೆಗಳ ಪೂರ್ಣಾಂಕವಾಗಿಯೇ ಇಡುವುದು. ದರದ ಕಾಲಮ್ಮಿನ ಹೆಸರನ್ನು `rate` ಎಂಬುದರಿಂದ `rate_paise` ಎಂದು ಬದಲಿಸಿದೆ. ಅದರಲ್ಲಿ ಇರುವುದು 115. ಬಿಂದುವು ಪರದೆಯ ಮೇಲೆ ತೋರಿಸುವಾಗ ಮಾತ್ರ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಬಾಗಿಲನ್ನು ಕಾಯಬೇಕು. ಕಾರ್ಯದರ್ಶಿಯವರು 1.15 ಎಂದು ಟೈಪ್ ಮಾಡಿದ್ದು ಮೊದಲು ಫ್ಲೋಟ್ ಆಗಿ ಬದಲಾಗಿಬಿಟ್ಟರೆ, ಆಮೇಲೆ ಎಷ್ಟು ಎಚ್ಚರ ವಹಿಸಿದರೂ ಹೋದದ್ದು ಹೋಯಿತು. ಅದನ್ನು ಅಕ್ಷರಗಳ ರೂಪದಲ್ಲಿಯೇ ಹಿಡಿದು, ನೇರವಾಗಿ ಪೈಸೆ ಮಾಡಬೇಕು:

```python
from decimal import Decimal
paise = int(Decimal("1.15") * 100)   # 115
```

ಉದ್ಧರಣ ಚಿಹ್ನೆಗಳನ್ನು ಬಿಟ್ಟು `Decimal(1.15)` ಎಂದು ಬರೆದರೆ ಆ 1.14999… ಹಾಗೆಯೇ ಒಳಗೆ ಬರುತ್ತದೆ. ಬಿಂದುವಿನ ನಂತರ ಎರಡಕ್ಕಿಂತ ಹೆಚ್ಚು ಅಂಕಿಗಳಿದ್ದರೆ ಅದನ್ನು ಸದ್ದಿಲ್ಲದೆ ಕತ್ತರಿಸದೆ, ಸ್ವೀಕರಿಸುವುದಿಲ್ಲ ಎಂದು ಹೇಳಿಬಿಡುವುದು ಉತ್ತಮ.

ಹಾಲಿನ ಅಳತೆಯನ್ನೂ ಮಿಲಿಲೀಟರಿನ ಪೂರ್ಣಾಂಕ ಮಾಡಿಕೊಂಡರೆ ಗುಣಾಕಾರವೂ ನಿಖರವಾಗುತ್ತದೆ. 6 ಲೀಟರ್ 850 ಮಿಲಿಲೀಟರಿಗೆ, 6850ನ್ನು 115ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 787.75 ಪೈಸೆ. ಮುಕ್ಕಾಲು ಪೈಸೆಯನ್ನು ಯಾರಿಗೂ ಕೊಡಲಾಗದು, ಆದ್ದರಿಂದ ಹತ್ತಿರದ 788ಕ್ಕೆ ತರಬೇಕು:

```python
(6850 * 115 + 500) // 1000   # 788
```

ಪೂರ್ಣಾಂಕಗಳು ಇಷ್ಟನ್ನು ಮಾಡಿಕೊಡುತ್ತವೆ, ಆದರೆ ಯಾವಾಗ ಹೀಗೆ ಸರಿಹೊಂದಿಸಬೇಕು ಎಂಬುದನ್ನು ಅವು ಹೇಳುವುದಿಲ್ಲ. ದಿನವೂ ಇಷ್ಟೇ ಹಾಲು ಹಾಕುವವರಿಗೆ ದಿನದಿನವೂ 788ರಂತೆ ಲೆಕ್ಕ ಹಿಡಿದರೆ 30 ದಿನಗಳಿಗೆ 236 ರೂಪಾಯಿ 40 ಪೈಸೆ. ತಿಂಗಳ 205.5 ಲೀಟರನ್ನು ಒಟ್ಟಾಗಿ ಗುಣಿಸಿ ಒಂದೇ ಸಲ ಸರಿಹೊಂದಿಸಿದರೆ 236 ರೂಪಾಯಿ 33 ಪೈಸೆ. ಏಳು ಪೈಸೆಯ ಈ ಅಂತರ ಯಂತ್ರದ ದೋಷವಲ್ಲ. ಎರಡೂ ಲೆಕ್ಕಗಳು ಸರಿಯೇ. ಯಾವುದನ್ನು ಅನುಸರಿಸಬೇಕೆಂಬುದನ್ನು ನಾನು ಸೊಸೈಟಿಯ ಆಡಳಿತ ಮಂಡಳಿಗೇ ಬಿಟ್ಟೆ. ಅವರು ತಿಂಗಳಿಗೊಮ್ಮೆ ಸಾಕು ಎಂದರು, ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿಯೂ ಇಟ್ಟರು.

ಪೂರ್ಣಾಂಕಕ್ಕೂ ಮಿತಿಯಿದೆ. 32 ಬಿಟ್ಟಿನ ಕಾಲಮ್ಮಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಅದು ಪೈಸೆಯಾದರೆ ಸುಮಾರು 2 ಕೋಟಿ 14 ಲಕ್ಷ ರೂಪಾಯಿ. ಒಂದು ಮಧ್ಯಮ ಅಡಿಕೆ ವ್ಯಾಪಾರದ ವಾರ್ಷಿಕ ವಹಿವಾಟು ಇದನ್ನು ಸಲೀಸಾಗಿ ದಾಟಬಲ್ಲದು, ಆದ್ದರಿಂದ 64 ಬಿಟ್ಟಿನ `BIGINT` ಬೇಕು. ಇನ್ನು, ಮನೆಗೊಬ್ಬರು ಕೊಲ್ಲಿಯಲ್ಲಿ ದುಡಿಯುವ ನಮ್ಮ ಜಿಲ್ಲೆಯಲ್ಲಿ ಹಣದ ಪ್ರೋಗ್ರಾಂ ಬರೆಯುವವರು ನೂರರಿಂದ ಗುಣಿಸುವುದನ್ನು ಎಲ್ಲ ಕರೆನ್ಸಿಗೂ ಅಂಟಿಸಬಾರದು. ಯುಎಇಯ ದಿರ್ಹಮಿಗೆ 100 ಫಿಲ್ಸ್, ಆದರೆ ಕುವೈತಿನ ದಿನಾರಿಗೆ 1000 ಫಿಲ್ಸ್, ಒಮಾನಿನ ರಿಯಾಲಿಗೆ 1000 ಬೈಸಾ. ಬರಿಯ 12500 ಎಂದು ಇಟ್ಟರೆ ಅದು 125 ದಿರ್ಹಮೋ ಹನ್ನೆರಡೂವರೆ ರಿಯಾಲೋ ತಿಳಿಯುವುದಿಲ್ಲ. ಪಕ್ಕದಲ್ಲಿ `AED` ಅಥವಾ `OMR` ಎಂಬ ಸಂಕೇತವೂ ಇರಲೇಬೇಕು.

ಆ ತಿಂಗಳ ಪ್ರತಿಯೊಬ್ಬರ ಬಾಕಿಯನ್ನು ಲೀಟರಿಗೊಂದು ಪೈಸೆಯಂತೆ ಮರುತಿಂಗಳ ಬಿಲ್ಲಿನಲ್ಲಿ ಬೇರೆ ಸಾಲಾಗಿ ಸೇರಿಸಿದೆವು. ಮಾಷ್ಟ್ರ ಬಿಲ್ಲಿನಲ್ಲಿ ಅದು 2 ರೂಪಾಯಿ 6 ಪೈಸೆ ಎಂದು ಅಚ್ಚಾಗಿತ್ತು. ಅವರು ಅದರ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ ಬಿಲ್ಲನ್ನು ಜೇಬಿಗಿಳಿಸಿದರು.